ಶೌಚದ ನಂತರವೂ ಹೊಟ್ಟೆ ಖಾಲಿಯಾಗಲಿಲ್ಲ ಎಂಬ ಭಾವನೆ: ಕಾರಣಗಳೇನು? ಮನೆಯಲ್ಲಿ ಏನು ಮಾಡಬಹುದು?

ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೂ ಒಳಗೆ ಇನ್ನೂ ಸ್ವಲ್ಪ ಉಳಿದಿದೆ ಎಂದು ಅನಿಸುವುದು ಅನೇಕರ ತೊಂದರೆ. ಹೊರಗೆ ಬಂದು ಹತ್ತು ನಿಮಿಷ ಆಗುವುದರೊಳಗೆ ಮತ್ತೆ ಹೋಗಬೇಕೆನಿಸುತ್ತದೆ. ಹೋಗಿ ಕುಳಿತರೆ ಏನೂ ಬರುವುದಿಲ್ಲ, ಬಂದರೂ ಒಂದು ಚೂರು ಮಾತ್ರ. ಹೀಗೆ ಮೂರು ನಾಲ್ಕು ಸಲ ಓಡಾಡುವಷ್ಟರಲ್ಲಿ ಬೆಳಗಿನ ಪೂಜೆಗೂ ತಡ, ಕೆಲಸಕ್ಕೂ ತಡ. ಬಸ್ಸಿನಲ್ಲಿ ದೂರದ ಊರಿಗೆ ಹೋಗಬೇಕೆಂದರೆ ಹಿಂದಿನ ರಾತ್ರಿಯಿಂದಲೇ ಚಿಂತೆ. ನಾಚಿಕೆಯ ವಿಷಯವಾದುದರಿಂದ ಮನೆಯವರಲ್ಲಿಯೂ ಹೇಳದೆ, ಔಷಧದ ಅಂಗಡಿಯಿಂದ ಭೇದಿ ಮಾತ್ರೆ ತಂದು ವರ್ಷಗಟ್ಟಲೆ ನುಂಗುವವರು ನಮ್ಮಲ್ಲಿ ಕಡಿಮೆಯಿಲ್ಲ.

ಈ ತೊಂದರೆಯ ಬಗ್ಗೆ ಮುಖ್ಯವಾಗಿ ಎರಡು ಸಂಗತಿಗಳನ್ನು ತಿಳಿದಿರಬೇಕು. ಒಂದು, ಉಳಿದಿದೆ ಎಂದು ಅನಿಸಿದಾಗಲೆಲ್ಲಾ ನಿಜವಾಗಿ ಮಲ ಉಳಿದಿರುವುದಿಲ್ಲ. ಎರಡು, ನಿಜವಾಗಿ ಉಳಿದಿರುವ ಬಹಳಷ್ಟು ಜನರಲ್ಲಿ ತೊಡಕಿರುವುದು ಹೊಟ್ಟೆಯಲ್ಲಿ ಅಲ್ಲ, ಹೊರಬರುವ ಬಾಗಿಲಿನಲ್ಲಿ. ಅಂಥವರು ಹೆಚ್ಚು ತಿಣುಕಿದಷ್ಟೂ ಆ ಬಾಗಿಲು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಈ ಎರಡು ಸಂಗತಿಗಳು ಅರ್ಥವಾದರೆ, ಮುಂದೆ ಹೇಳುವ ಸರಳ ಕ್ರಮಗಳು ಏಕೆ ಕೆಲಸ ಮಾಡುತ್ತವೆ ಎಂಬುದೂ ಅರ್ಥವಾಗುತ್ತದೆ.

ಒಳಗೆ ನಡೆಯುವುದೇನು?

ದೊಡ್ಡ ಕರುಳಿನ ಕೊನೆಯ ಭಾಗಕ್ಕೆ ಗುದನಾಳ ಎಂದು ಹೆಸರು. ಅದರ ಉದ್ದ ಸುಮಾರು 12ರಿಂದ 15 ಸೆಂಟಿಮೀಟರ್. ದಿನದ ಹೆಚ್ಚಿನ ಹೊತ್ತು ಇದು ಬಹುಮಟ್ಟಿಗೆ ಖಾಲಿಯಾಗಿಯೇ ಇರುತ್ತದೆ. ಮಲ ಸಂಗ್ರಹವಾಗಿರುವುದು ಅದಕ್ಕಿಂತ ಮೇಲಿನ ಕರುಳಿನಲ್ಲಿ. ಅಲ್ಲಿಂದ ಮಲ ಕೆಳಗಿಳಿದು ಗುದನಾಳದ ಗೋಡೆ ಹಿಗ್ಗಿದಾಗ ನಮಗೆ ಶೌಚದ ಸೂಚನೆ ಬರುತ್ತದೆ.

ಗುದನಾಳದ ಹಿಂದಿನಿಂದ ಸುತ್ತಿ ಬಂದು, ಅದನ್ನು ಮುಂದಕ್ಕೆ ಎಳೆದು ಹಿಡಿದಿರುವ ಒಂದು ಸ್ನಾಯುವಿನ ಪಟ್ಟಿ ಇದೆ. ವೈದ್ಯರು ಅದನ್ನು ಪ್ಯುಬೊರೆಕ್ಟಾಲಿಸ್ ಎಂದು ಕರೆಯುತ್ತಾರೆ. ತೋಟಕ್ಕೆ ನೀರು ಬಿಡುವ ಪೈಪನ್ನು ಮಡಚಿ ಹಿಡಿದರೆ ನೀರು ನಿಲ್ಲುತ್ತದೆಯಲ್ಲವೇ? ಈ ಪಟ್ಟಿಯ ಕೆಲಸವೂ ಹಾಗೆಯೇ. ಅದು ಬಿಗಿಯಾಗಿರುವವರೆಗೆ ದಾರಿ ಬಾಗಿಕೊಂಡಿರುತ್ತದೆ, ಮಲ ತಡೆದಿರುತ್ತದೆ. ಶೌಚಕ್ಕೆ ಕುಳಿತಾಗ ಈ ಪಟ್ಟಿಯೂ ಗುದದ್ವಾರದ ಸ್ನಾಯುವೂ ಸಡಿಲವಾಗಬೇಕು, ಬಾಗಿದ ದಾರಿ ನೇರವಾಗಬೇಕು, ಅದೇ ಹೊತ್ತಿಗೆ ಹೊಟ್ಟೆಯಿಂದ ಮೆಲ್ಲನೆ ಒತ್ತಡ ಬರಬೇಕು. ಈ ಮೂರೂ ಕೂಡಿ ಬಂದರೆ ಹೆಚ್ಚು ತಿಣುಕದೆಯೇ ಕೆಲಸ ಮುಗಿಯುತ್ತದೆ.

ಈ ಭಾವನೆಗೆ ಮೂರು ಬಗೆಯ ಕಾರಣಗಳು

ಮೊದಲನೆಯದು, ಮಲ ನಿಜವಾಗಿ ಉಳಿದಿರುವುದು. ಮಲ ಗಟ್ಟಿಯಾಗಿ ಉಂಡೆ ಉಂಡೆಯಾಗಿದ್ದರೆ ಒಂದು ಭಾಗ ಹೊರಬಂದು ಇನ್ನೊಂದು ಭಾಗ ಒಳಗೇ ನಿಲ್ಲುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳು ಮಲವನ್ನು ಗಟ್ಟಿ ಮಾಡುತ್ತವೆ. ಮಲ ಮೆದುವಾಗಿದ್ದರೂ ಮೇಲೆ ಹೇಳಿದ ಪಟ್ಟಿ ಸಡಿಲವಾಗದಿದ್ದರೆ ಉಳಿಯುತ್ತದೆ. ಹೆಂಗಸರಲ್ಲಿ, ಮುಖ್ಯವಾಗಿ ಸಹಜ ಹೆರಿಗೆಗಳಾದವರಲ್ಲಿ ಮತ್ತು ಮುಟ್ಟು ನಿಂತವರಲ್ಲಿ, ಗುದನಾಳಕ್ಕೂ ಯೋನಿಗೂ ನಡುವಿನ ಗೋಡೆ ಸಡಿಲವಾಗಿ ಮುಂದಕ್ಕೆ ಒಂದು ಚೀಲದಂತೆ ಉಬ್ಬಬಹುದು. ಇದಕ್ಕೆ ರೆಕ್ಟೋಸೀಲ್ ಎನ್ನುತ್ತಾರೆ. ತಿಣುಕಿದಾಗ ಮಲ ಕೆಳಗೆ ಹೋಗುವ ಬದಲು ಆ ಚೀಲದೊಳಗೆ ಹೋಗಿ ಕುಳಿತುಕೊಳ್ಳುತ್ತದೆ.

ಎರಡನೆಯದು, ಮಲ ಉಳಿದಿಲ್ಲ, ಆದರೆ ಬೇರೆ ಏನೋ ಅಲ್ಲಿದೆ. ಗುದನಾಳದ ಗೋಡೆಯನ್ನು ಮುಟ್ಟುತ್ತಿರುವುದು ಮಲವೋ ಬೇರೆಯದೋ ಎಂದು ಸರಿಯಾಗಿ ತಿಳಿಯುವ ಶಕ್ತಿ ಅದಕ್ಕಿಲ್ಲ. ಒಳಗಿನ ಮೂಲವ್ಯಾಧಿ ಊದಿಕೊಂಡಿದ್ದರೂ, ಗೋಡೆಯ ಒಳಪದರ ಜಾರಿ ಕೆಳಗಿಳಿದಿದ್ದರೂ, ಆಮಶಂಕೆಯಿಂದಲೋ ಕರುಳಿನ ಹುಣ್ಣಿನ ಕಾಯಿಲೆಯಿಂದಲೋ ಅಲ್ಲಿ ಉರಿಯೂತವಾಗಿದ್ದರೂ, ಒಂದು ಗಡ್ಡೆ ಬೆಳೆಯುತ್ತಿದ್ದರೂ ಮೆದುಳಿಗೆ ಹೋಗುವ ಸುದ್ದಿ ಒಂದೇ: ‘ಒಳಗೆ ಇನ್ನೂ ಇದೆ, ಹೋಗಬೇಕು’. ಇಂಥವರು ಎಷ್ಟು ತಿಣುಕಿದರೂ ಬರುವುದು ಸ್ವಲ್ಪ ಲೋಳೆ, ಕೆಲವೊಮ್ಮೆ ರಕ್ತ.

ಮೂರನೆಯದು, ಅಲ್ಲಿ ಮಲವೂ ಇಲ್ಲ, ಗಡ್ಡೆಯೂ ಇಲ್ಲ, ನರಗಳು ಮಾತ್ರ ಅತಿ ಸೂಕ್ಷ್ಮವಾಗಿವೆ. ಇರಿಟಬಲ್ ಬವೆಲ್ ಎಂಬ ಕರುಳಿನ ತೊಂದರೆ ಇರುವವರಲ್ಲಿ ಹೀಗಾಗುತ್ತದೆ. ಇವರಿಗೆ ಹೊಟ್ಟೆನೋವು ಬಂದುಹೋಗುತ್ತಿರುತ್ತದೆ. ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ಮನಸ್ಸಿಗೆ ಒತ್ತಡವಾದ ದಿನಗಳಲ್ಲಿ ತೊಂದರೆ ಹೆಚ್ಚು.

ಮೊದಲು ವೈದ್ಯರ ಬಳಿಗೆ ಹೋಗಬೇಕಾದವರು

ಎರಡನೆಯ ಬಗೆಯ ಕಾರಣಗಳಲ್ಲಿ ಕೆಲವು ಅಪಾಯಕಾರಿಯಾದುದರಿಂದ, ಮನೆಯ ಪ್ರಯತ್ನಕ್ಕೆ ಮೊದಲು ಈ ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ. ಮಲದೊಂದಿಗೆ ರಕ್ತ ಹೋಗುತ್ತಿದೆಯೇ? ಕಾರಣವಿಲ್ಲದೆ ತೂಕ ಇಳಿದಿದೆಯೇ? ರಕ್ತ ಕಡಿಮೆಯಾಗಿದೆ ಎಂದು ಪರೀಕ್ಷೆಯಲ್ಲಿ ಬಂದಿದೆಯೇ? ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ಅವಸರ ಬರುತ್ತಿದೆಯೇ? ಇಷ್ಟು ವರ್ಷ ಸರಿಯಾಗಿದ್ದ ಅಭ್ಯಾಸ ಕೆಲವು ವಾರಗಳಿಂದ ಬದಲಾಗಿದೆಯೇ, ಅದರಲ್ಲೂ ವಯಸ್ಸು 45 ದಾಟಿದೆಯೇ? ತಂದೆ ತಾಯಿ ಅಥವಾ ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಆಗಿತ್ತೇ? ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಮೊದಲು ವೈದ್ಯರ ಪರೀಕ್ಷೆ, ಆಮೇಲೆ ಉಳಿದದ್ದು.

‘ರಕ್ತವೇ? ಅದು ಮೂಲವ್ಯಾಧಿ’ ಎಂದು ಪರೀಕ್ಷೆಯಿಲ್ಲದೆ ತೀರ್ಮಾನಿಸಿ, ತಿಂಗಳುಗಟ್ಟಲೆ ಮುಲಾಮು ಹಚ್ಚುವುದೂ ನಾಟಿ ಮದ್ದು ಮಾಡುವುದೂ ನಮ್ಮಲ್ಲಿ ರೂಢಿ. ಮೂಲವ್ಯಾಧಿ ಇರಬಹುದು. ಆದರೆ ಮೂಲವ್ಯಾಧಿಯ ಜೊತೆಯಲ್ಲೇ ಗಡ್ಡೆಯೂ ಇರಬಹುದು. ನಮ್ಮ ದೇಶದಲ್ಲಿ 40 ವರ್ಷದೊಳಗಿನವರಲ್ಲಿಯೂ ಗುದನಾಳದ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಕೈಗವಸು ಹಾಕಿದ ಬೆರಳಿನಿಂದ ವೈದ್ಯರು ಮಾಡುವ ಪರೀಕ್ಷೆಗೆ ಒಂದೆರಡು ನಿಮಿಷ ಸಾಕು. ಕೆಳಭಾಗದ ಗಡ್ಡೆಗಳಲ್ಲಿ ಹಲವು ಅದರಲ್ಲೇ ಕೈಗೆ ಸಿಗುತ್ತವೆ. ಅದಕ್ಕಿಂತ ಮೇಲಿನದನ್ನು ನೋಡಲು ಕ್ಯಾಮೆರಾ ಇರುವ ನಳಿಕೆಯ ಪರೀಕ್ಷೆ, ಅಂದರೆ ಕೊಲೊನೊಸ್ಕೋಪಿ ಬೇಕಾಗುತ್ತದೆ. ನಾಚಿಕೆಯಿಂದ ಬೆರಳಿನ ಪರೀಕ್ಷೆಯನ್ನು ಬೇಡವೆನ್ನಬಾರದು. ಹೆಂಗಸರು ಬೇಕಾದರೆ ಮಹಿಳಾ ವೈದ್ಯರನ್ನು ಕೇಳಬಹುದು.

ಇನ್ನೊಂದು ಎಚ್ಚರಿಕೆ ತುರ್ತಿನದು. ತೊಡೆಯ ಸಂಧಿ ಮತ್ತು ಗುದದ್ವಾರದ ಸುತ್ತ ಇದ್ದಕ್ಕಿದ್ದಂತೆ ಮರಗಟ್ಟಿದಂತಾಗಿ, ಮೂತ್ರ ಕಟ್ಟಿಕೊಂಡು, ಕಾಲುಗಳ ಬಲ ಕುಂದಿದರೆ ಅದು ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಹೋದ ಲಕ್ಷಣ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತಿಣುಕಿದಷ್ಟೂ ಮುಚ್ಚುವ ಬಾಗಿಲು

ಮೇಲಿನ ಲಕ್ಷಣಗಳು ಯಾವುವೂ ಇಲ್ಲದೆ, ಬಹಳ ಕಾಲದಿಂದ ಈ ತೊಂದರೆ ಇರುವವರಲ್ಲಿ ಆಗಾಗ ಕಂಡುಬರುವ ಕಾರಣ ಸ್ನಾಯುಗಳ ತಾಳ ತಪ್ಪಿರುವುದು. ಶೌಚಕ್ಕೆ ಕುಳಿತು ಒತ್ತಡ ಹಾಕುವಾಗ ಸಡಿಲವಾಗಬೇಕಾದ ಪಟ್ಟಿ ಬಿಗಿಯಾಗುತ್ತದೆ. ಮುಚ್ಚಳ ತೆಗೆಯದೆ ಟೂತ್‌ಪೇಸ್ಟಿನ ಟ್ಯೂಬನ್ನು ಹಿಂಡಿದ ಹಾಗೆ. ವರ್ಷಗಳ ಕಾಲ ಗಟ್ಟಿ ಮಲಕ್ಕಾಗಿ ತಿಣುಕಿದವರಲ್ಲಿ, ಬಿರುಕಿನ ನೋವಿಗೆ ಹೆದರಿ ಬಿಗಿ ಹಿಡಿದವರಲ್ಲಿ, ಸೂಚನೆ ಬಂದಾಗಲೆಲ್ಲಾ ಕೆಲಸದ ಗಡಿಬಿಡಿಯಲ್ಲಿ ತಡೆದುಕೊಂಡವರಲ್ಲಿ ಇದು ಗೊತ್ತಿಲ್ಲದೆಯೇ ಅಭ್ಯಾಸವಾಗಿ ಬಿಡುತ್ತದೆ. ಅಭ್ಯಾಸದಿಂದ ಬಂದದ್ದಾದುದರಿಂದ ಅಭ್ಯಾಸದಿಂದಲೇ ಸರಿಪಡಿಸಲೂ ಸಾಧ್ಯ.

ನಿಮ್ಮಲ್ಲಿ ಹೀಗಾಗುತ್ತಿದೆಯೇ ಎಂದು ಅಂದಾಜು ಮಾಡಲು ಒಂದು ಉಪಾಯವಿದೆ. ಗಟ್ಟಿಯಾದ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಗಾಳಿ ಹೋಗದಂತೆ ತಡೆಯುವ ರೀತಿಯಲ್ಲಿ ಗುದದ್ವಾರವನ್ನು ಬಿಗಿ ಮಾಡಿ. ಅದು ಒಳಕ್ಕೆ, ಮೇಲಕ್ಕೆ ಸೇದಿಕೊಂಡಂತೆ ಅನಿಸುತ್ತದೆ. ಈಗ ಬಿಟ್ಟುಬಿಡಿ. ಮೆಲ್ಲನೆ ಕೆಳಗಿಳಿದು ಕುರ್ಚಿಯ ಮೇಲೆ ಹರಡಿಕೊಂಡಂತೆ ಅನಿಸುತ್ತದೆ. ಬಿಗಿ ಯಾವುದು, ಸಡಿಲ ಯಾವುದು ಎಂದು ಎರಡು ಮೂರು ಸಲ ಗುರುತು ಹಿಡಿದ ಮೇಲೆ, ಶೌಚದಲ್ಲಿ ಮಾಡುವಂತೆಯೇ ಸ್ವಲ್ಪ ಒತ್ತಿ ನೋಡಿ. ಆಗ ಗುದದ್ವಾರ ಕೆಳಗಿಳಿಯುವ ಬದಲು ಮೇಲಕ್ಕೆ ಸೇದಿಕೊಂಡರೆ, ನೀವು ತಿಣುಕುವಾಗ ಬಾಗಿಲು ಮುಚ್ಚುತ್ತಿರುವ ಸಂಭವ ಹೆಚ್ಚು. ಇದು ಅಂದಾಜು ಮಾತ್ರ. ಖಚಿತವಾಗುವುದು ವೈದ್ಯರ ಪರೀಕ್ಷೆಯಲ್ಲಿ.

ಕುಳಿತುಕೊಳ್ಳುವ ಕ್ರಮ ಮತ್ತು ಉಸಿರು

ಮೊದಲು ಸಮಯ. ಊಟ ತಿಂಡಿ ಹೊಟ್ಟೆಗೆ ಬಿದ್ದಾಗ ದೊಡ್ಡ ಕರುಳು ತಾನಾಗಿ ಚಲಿಸತೊಡಗುತ್ತದೆ. ಬೆಳಿಗ್ಗೆ ಎದ್ದ ಮೇಲೆ ಈ ಚಲನೆ ಹೆಚ್ಚು ಬಲವಾಗಿರುತ್ತದೆ. ಆದುದರಿಂದ ಬೆಳಗಿನ ತಿಂಡಿ ಮತ್ತು ಬಿಸಿ ಚಹಾ ಅಥವಾ ಕಾಫಿ ಆದ ಮೇಲೆ 20ರಿಂದ 30 ನಿಮಿಷದೊಳಗೆ ಹೋಗುವುದು ಒಳ್ಳೆಯದು. ತಿಂಡಿಗೆ ಮೊದಲೇ ಸೂಚನೆ ಬಂದರೆ ಆಗಲೇ ಹೋಗಿ, ತಡೆಯಬೇಡಿ. ಬರಿ ಹೊಟ್ಟೆಯಲ್ಲಿ, ಸೂಚನೆಯೇ ಇಲ್ಲದೆ, ಐದು ಗಂಟೆಗೆ ಎದ್ದ ಕೂಡಲೇ ‘ಮುಗಿಸಿ ಬಿಡೋಣ’ ಎಂದು ಹೋಗಿ ತಿಣುಕುವುದೇ ಹಲವರ ತೊಂದರೆಯ ಮೂಲ.

ಎರಡನೆಯದು ಭಂಗಿ. ನೆಲದ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕುಳಿತಾಗ ಮೊಣಕಾಲುಗಳು ಸೊಂಟಕ್ಕಿಂತ ಮೇಲಿರುತ್ತವೆ, ಬಾಗಿದ ದಾರಿ ಹೆಚ್ಚು ನೇರವಾಗುತ್ತದೆ. ಮೊಣಕಾಲು ನೋವಿನಿಂದ ಕಮೋಡ್ ಬಳಸುವವರು ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ, ಅಲುಗಾಡದ ಸ್ಟೂಲನ್ನು ಇಟ್ಟುಕೊಂಡರೆ ಹೆಚ್ಚುಕಡಿಮೆ ಅದೇ ಭಂಗಿ ಬರುತ್ತದೆ. ಪಾದಗಳು ಪೂರ್ತಿಯಾಗಿ ಸ್ಟೂಲಿನ ಮೇಲೆ ಊರಿರಲಿ, ಮೊಣಕಾಲುಗಳ ನಡುವೆ ಅಂತರವಿರಲಿ. ಬೆನ್ನನ್ನು ಗೂನು ಮಾಡದೆ ಸೊಂಟದಿಂದ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ. ಸೊಂಟದ ಕೀಲು ಬದಲಿಸಿದ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಹೀಗೆ ಮೊಣಕಾಲು ಎತ್ತರಿಸಬಾರದು. ಸಮತೋಲನ ಕಡಿಮೆಯಿರುವ ಹಿರಿಯರಿಗೆ ಗೋಡೆಯಲ್ಲಿ ಒಂದು ಹಿಡಿಕೆ ಬೇಕು.

ಮೂರನೆಯದು ಉಸಿರು. ಇದೇ ಮುಖ್ಯ ಭಾಗ. ಕುಳಿತ ಮೇಲೆ ಒತ್ತಡ ಹಾಕಲು ಅವಸರ ಬೇಡ. ದವಡೆ, ಹೆಗಲು, ಪೃಷ್ಠವನ್ನು ಸಡಿಲ ಬಿಟ್ಟು, ಮೂಗಿನಿಂದ ನಾಲ್ಕೈದು ಸಲ ನಿಧಾನವಾಗಿ ಉಸಿರೆಳೆದುಕೊಳ್ಳಿ. ಪ್ರತಿ ಸಲವೂ ಹೊಟ್ಟೆ ಮುಂದಕ್ಕೆ ಉಬ್ಬಬೇಕು. ಅನಂತರ ಎರಡು ಕೈಗಳನ್ನು ಸೊಂಟದ ಪಕ್ಕಗಳಲ್ಲಿ ಇಟ್ಟು ಒಮ್ಮೆ ಸಣ್ಣಗೆ ಕೆಮ್ಮಿ. ಕೈಗಳ ಕೆಳಗೆ ಸೊಂಟ ಅಗಲವಾದದ್ದು ತಿಳಿಯುತ್ತದೆ. ಈಗ ಕೆಮ್ಮದೆಯೇ ಸೊಂಟವನ್ನು ಹಾಗೆ ಅಗಲ ಮಾಡಿ, ಹೊಟ್ಟೆಯನ್ನು ಮುಂದಕ್ಕೆ ಉಬ್ಬಿಸಿ. ಅದನ್ನು ಹಾಗೆಯೇ ಇಟ್ಟುಕೊಂಡು, ಊದುಕೊಳವೆಯಿಂದ ಒಲೆ ಊದುವಂತೆ ಬಾಯಿಯಿಂದ ನಿಧಾನವಾಗಿ ಉಸಿರು ಬಿಡುತ್ತಾ ಒತ್ತಡವನ್ನು ಕೆಳಕ್ಕೆ, ಗುದದ್ವಾರದ ಕಡೆಗೆ ಕಳುಹಿಸಿ. ‘ಮೂ’ ಎಂದು ಉದ್ದವಾಗಿ ಹೇಳುತ್ತಾ ಮಾಡಿದರೂ ಸರಿ. ಬಾಯಿಯಿಂದ ಗಾಳಿ ಹೋಗುತ್ತಿದ್ದರೆ ಉಸಿರು ಕಟ್ಟಿ ತಿಣುಕಲು ಆಗುವುದಿಲ್ಲ. ಇದರ ಲಾಭ ಅದೇ.

ಒಂದು ಸಲ ಹೀಗೆ ಮಾಡಿ ಕೆಲವು ಕ್ಷಣ ವಿಶ್ರಾಂತಿ, ಮತ್ತೆ ಇನ್ನೊಂದು ಸಲ. ನಾಲ್ಕೈದು ಸಲ ಸಾಕು. ಮುಗಿದ ಮೇಲೆ ಗುದದ್ವಾರವನ್ನು ಒಮ್ಮೆ ಮೇಲಕ್ಕೆ ಸೇದಿ ಬಿಗಿ ಮಾಡಿ ಬಿಡಿ. ತಪ್ಪಾಗಿ ಮಾಡುತ್ತಿದ್ದರೆ ನಿಮಗೇ ತಿಳಿಯುತ್ತದೆ: ಮುಖ ಕೆಂಪಾಗುತ್ತದೆ, ಹಲ್ಲು ಕಚ್ಚಿಕೊಳ್ಳುತ್ತೀರಿ, ಹೊಟ್ಟೆ ಒಳಕ್ಕೆ ಹೋಗುತ್ತದೆ. ಸರಿಯಾಗಿದ್ದರೆ ಹೊಟ್ಟೆ ಹೊರಕ್ಕೆ, ಮುಖ ಶಾಂತ. ಹೃದಯದ ತೊಂದರೆ ಇರುವವರಿಗೆ ಉಸಿರು ಕಟ್ಟಿ ತಿಣುಕುವುದು ಅಪಾಯವೂ ಹೌದು. ಅದರಿಂದ ಕಣ್ಣು ಕತ್ತಲೆ ಬಂದು ಬೀಳಬಹುದು.

ಎದ್ದು ಬರುವುದನ್ನೂ ಕಲಿಯಬೇಕು

ಕುಳಿತಿರುವ ಹೊತ್ತು ಐದರಿಂದ ಹತ್ತು ನಿಮಿಷ ಮೀರಬಾರದು. ಪತ್ರಿಕೆ, ಮೊಬೈಲ್ ಹೊರಗೇ ಇರಲಿ. ಅರ್ಧ ಗಂಟೆ ಕುಳಿತಿದ್ದರೆ ಗುದದ್ವಾರದ ಸುತ್ತಲಿನ ರಕ್ತನಾಳಗಳು ಊದಿಕೊಳ್ಳುತ್ತವೆ. ಆ ಊತವೇ ‘ಇನ್ನೂ ಇದೆ’ ಎಂಬ ಭಾವನೆಯನ್ನು ಹುಟ್ಟಿಸುತ್ತದೆ. ಆ ಭಾವನೆಗಾಗಿ ಮತ್ತೆ ತಿಣುಕಿದರೆ ಊತ ಇನ್ನೂ ಹೆಚ್ಚು. ಹೀಗೆ ತಿಣುಕುವುದೂ ಭಾವನೆಯೂ ಒಂದನ್ನೊಂದು ಬೆಳೆಸುತ್ತವೆ.

ಆದುದರಿಂದ ಒಂದು ನಿಯಮ ಮಾಡಿಕೊಳ್ಳಿ. ಮಲ ಬಂದ ಮೇಲೆ ಉಳಿದಿದೆ ಎಂದು ಅನಿಸಿದರೂ ಮೇಲೆ ಹೇಳಿದ ಉಸಿರಿನ ಕ್ರಮವನ್ನು ಎರಡು ಸಲ ಮಾಡಿ, ಬಾರದಿದ್ದರೆ ಎದ್ದು ಬನ್ನಿ. ಮನೆಯೊಳಗೋ ಅಂಗಳದಲ್ಲೋ ಸ್ವಲ್ಪ ನಡೆದಾಡಿ. ಊತದಿಂದ ಬಂದ ಭಾವನೆಯಾದರೆ ಹೆಚ್ಚಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿದುಹೋಗುತ್ತದೆ. ನಿಜವಾಗಿ ಮಲ ಕೆಳಗೆ ಬಂದಿದ್ದರೆ ಸೂಚನೆ ಮತ್ತೆ ಬಲವಾಗಿ ಬರುತ್ತದೆ. ಆಗ ಇನ್ನೊಮ್ಮೆ ಹೋಗಿ. ಹೀಗೆ ಬೆಳಿಗ್ಗೆ ಎರಡು ಸಲ ಹೋಗುವುದು ತಪ್ಪಲ್ಲ. ಬೆರಳು ಹಾಕಿ ಕೆದಕುವುದು, ದಿನಾಲೂ ಎನಿಮಾ ತೆಗೆದುಕೊಳ್ಳುವುದು ಬೇಡ. ಅದರಿಂದ ಒಳಪದರಕ್ಕೆ ಗಾಯವಾಗಿ ಭಾವನೆ ಹೆಚ್ಚುತ್ತದೆ.

ಮಲದ ಹದ

ಬ್ರಿಸ್ಟಲ್ ನಗರದ ವೈದ್ಯರು ಮಾಡಿದ, 1997ರಲ್ಲಿ ಪ್ರಕಟವಾದ ಒಂದು ಪಟ್ಟಿಯನ್ನು ಇಂದು ಎಲ್ಲೆಡೆ ಬಳಸುತ್ತಾರೆ. ಅದರಲ್ಲಿ ಮಲದ ರೂಪವನ್ನು ಏಳು ಬಗೆಯಾಗಿ ವಿಂಗಡಿಸಲಾಗಿದೆ. ಒಂದನೆಯದು ಆಡಿನ ಹಿಕ್ಕೆಯಂತೆ ಗಟ್ಟಿ ಗಟ್ಟಿ ಉಂಡೆ, ಏಳನೆಯದು ನೀರು. ನಮಗೆ ಬೇಕಾದದ್ದು ಮೂರು ಮತ್ತು ನಾಲ್ಕನೆಯದು: ಬಾಳೆಹಣ್ಣಿನಂತೆ ಉದ್ದವಾಗಿ, ಮೆದುವಾಗಿ, ಒಂದಾಗಿ ಇರುವುದು. ಅತಿ ಗಟ್ಟಿಯಾದರೆ ಉಳಿಯುತ್ತದೆ. ಅಂಟು ಅಂಟಾಗಿದ್ದರೂ ಪೂರ್ತಿ ಹೋಗುವುದಿಲ್ಲ.

ನಮ್ಮ ಕರಾವಳಿಯ ಊಟದಲ್ಲಿ ಅನ್ನ ಮತ್ತು ಮೀನಿನ ಪಾಲು ಹೆಚ್ಚು. ಮೀನಿನಲ್ಲಿ ನಾರಿನ ಅಂಶವೇ ಇಲ್ಲ. ಹಾಗಾಗಿ ದಿನಕ್ಕೆ ಒಂದು ಹೊತ್ತಾದರೂ ಬಸಳೆ, ಹರಿವೆ, ಅಲಸಂಡೆ, ಬೇಯಿಸಿದ ಹೆಸರು ಅಥವಾ ಹುರುಳಿ, ಜೊತೆಗೆ ಪಪ್ಪಾಯಿ ಅಥವಾ ಪೇರಳೆ ಹಣ್ಣು ಇರಲಿ. ಸಾಲದಿದ್ದರೆ ಇಸಬ್ಗೋಲ್ ಹೊಟ್ಟನ್ನು ಒಂದು ಚಮಚದಿಂದ ಆರಂಭಿಸಿ. ಒಂದು ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿದು, ಮೇಲಿನಿಂದ ಇನ್ನೊಂದು ಲೋಟ ನೀರು ಕುಡಿಯಬೇಕು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ನುಂಗಲು ಕಷ್ಟವಿರುವವರು ಇದನ್ನು ತೆಗೆದುಕೊಳ್ಳಬಾರದು. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಗೆ ನೀರಿನ ಮಿತಿ ಹೇಳಿದ್ದರೆ ವೈದ್ಯರನ್ನು ಕೇಳಿಯೇ ಬಳಸಬೇಕು.

ಇಲ್ಲಿ ಒಂದು ಮಾತು ನೆನಪಿಡಬೇಕು. ಬಾಗಿಲು ತೆರೆಯದವರಿಗೆ ನಾರನ್ನು ಮಾತ್ರ ಹೆಚ್ಚಿಸುತ್ತಾ ಹೋದರೆ ಹೊಟ್ಟೆ ಉಬ್ಬರಿಸಿ ಕಷ್ಟ ಹೆಚ್ಚುವುದೂ ಉಂಟು. ಒಂದೆರಡು ವಾರದಲ್ಲಿ ಹೀಗಾದರೆ ಇಸಬ್ಗೋಲ್ ನಿಲ್ಲಿಸಿ. ಮಲವನ್ನು ಮೆದುವಾಗಿಸುವ ಬೇರೆ ಔಷಧಗಳಿವೆ. ವೈದ್ಯರನ್ನು ಕೇಳಿ ಅವುಗಳನ್ನು ಬಳಸಬಹುದು.

ಒಂದು ಉದಾಹರಣೆ

ಇಂಥ ಹಲವರ ಅನುಭವವನ್ನು ಸೇರಿಸಿ ಒಂದು ಉದಾಹರಣೆ ನೋಡೋಣ. ವಯಸ್ಸು 56, ಮೂರು ಹೆರಿಗೆಯಾದ ಒಬ್ಬ ತಾಯಿ. ಹೊಸ ಮನೆ ಕಟ್ಟಿಸಿ ಕಮೋಡಿಗೆ ಬದಲಾದ ಮೇಲೆ ಎರಡು ವರ್ಷಗಳಿಂದ ತೊಂದರೆ. ಬೆಳಿಗ್ಗೆ ಐದಕ್ಕೆ ಎದ್ದು ಬರಿ ಹೊಟ್ಟೆಯಲ್ಲಿ ಹೋಗಿ 30 ನಿಮಿಷ ಕೂರುತ್ತಾರೆ. ಎಂಟು ಗಂಟೆಯೊಳಗೆ ಐದು ಸಲ ಹೋಗಿ ಬಂದಿರುತ್ತಾರೆ. ಮಲ ಎರಡನೆಯ ಬಗೆಯದು, ಅಂದರೆ ಉದ್ದವಾಗಿದ್ದರೂ ಗಂಟು ಗಂಟಾಗಿ ಗಟ್ಟಿ. ರಕ್ತವಿಲ್ಲ, ತೂಕ ಇಳಿದಿಲ್ಲ. ಮೊಣಕಾಲಿಗೆಂದು ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಾರೆ. ವಾರಕ್ಕೆ ಮೂರು ಸಲ ಭೇದಿ ಮಾತ್ರೆ. ಭೇದಿಯಾದ ಮರುದಿನ ಕರುಳು ಖಾಲಿ ಇರುವುದರಿಂದ ಏನೂ ಬರುವುದಿಲ್ಲ, ಅದನ್ನೇ ಮಲಬದ್ಧತೆ ಎಂದು ತಿಳಿದು ಮತ್ತೆ ಮಾತ್ರೆ.

ವೈದ್ಯರು ಬೆರಳಿನ ಪರೀಕ್ಷೆ ಮಾಡಿದರು. ಗಡ್ಡೆ ಇಲ್ಲ. ‘ಈಗ ಹೊರಕ್ಕೆ ತಳ್ಳಿ ಅಮ್ಮ’ ಎಂದಾಗ ಸಡಿಲವಾಗುವ ಬದಲು ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಮುಂದಿನ ಗೋಡೆಯಲ್ಲಿ ಸಣ್ಣ ಉಬ್ಬು, ಅಂದರೆ ರೆಕ್ಟೋಸೀಲ್, ಇತ್ತು. ವಯಸ್ಸಿನ ಕಾರಣ ಕೊಲೊನೊಸ್ಕೋಪಿಯನ್ನೂ ಮಾಡಿಸಿದರು, ಅದರಲ್ಲಿ ತೊಂದರೆ ಕಾಣಲಿಲ್ಲ.

ಮೊದಲ ವಾರ ಮಾಡಿದ್ದು ಸಮಯದ ಬದಲಾವಣೆ ಮಾತ್ರ. ತಿಂಡಿಯಾದ ಮೇಲೆ ಹೋಗುವುದು, ಹತ್ತು ನಿಮಿಷಕ್ಕೆ ಏಳುವುದು, ಒಂದು ಚೀಟಿಯಲ್ಲಿ ದಿನಕ್ಕೆ ಎಷ್ಟು ಸಲ, ಯಾವ ಬಗೆಯ ಮಲ ಎಂದು ಬರೆಯುವುದು. ಎರಡನೆಯ ವಾರ ಕಾಲಿನ ಕೆಳಗೆ ಸ್ಟೂಲ್, ಇಸಬ್ಗೋಲ್ ಒಂದು ಚಮಚ. ವೈದ್ಯರು ಭೇದಿ ಮಾತ್ರೆ ನಿಲ್ಲಿಸಿ ಮಲ ಮೆದುವಾಗಿಸುವ ಔಷಧ ಕೊಟ್ಟರು, ಕ್ಯಾಲ್ಸಿಯಂ ಎಷ್ಟು ಬೇಕೆಂದು ಮತ್ತೆ ನೋಡಿದರು. ಮೂರನೆಯ ವಾರದಿಂದ ಉಸಿರಿನ ಕ್ರಮ. ದಿನಕ್ಕೆ ಎರಡು ಹೊತ್ತು ಕುರ್ಚಿಯಲ್ಲಿ ಐದು ನಿಮಿಷ ಅಭ್ಯಾಸ, ಬೆಳಿಗ್ಗೆ ಶೌಚದಲ್ಲಿ ಪ್ರಯೋಗ. ರೆಕ್ಟೋಸೀಲ್ ಇದ್ದುದರಿಂದ, ಒತ್ತಡ ಹಾಕುವಾಗ ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗವನ್ನು ಎರಡು ಬೆರಳುಗಳಿಂದ ಹೊರಗಿನಿಂದ ಮೆಲ್ಲನೆ ಒತ್ತಿ ಆಧಾರ ಕೊಡಲು ಕಲಿಸಿದರು. ಚೀಲದೊಳಗೆ ಹೋಗುವ ಮಲ ಇದರಿಂದ ಕೆಳಗಿನ ದಾರಿಗೆ ತಿರುಗುತ್ತದೆ. ಆಮೇಲೆ ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯಬೇಕು.

ಆರನೆಯ ವಾರದ ಚೀಟಿಯಲ್ಲಿ ದಿನಕ್ಕೆ ಎರಡು ಸಲ, ಮಲ ನಾಲ್ಕನೆಯ ಬಗೆ ಎಂದಿತ್ತು. ಉಳಿದಿದೆ ಎಂಬ ಭಾವನೆ ವಾರದಲ್ಲಿ ಎರಡು ದಿನ ಇನ್ನೂ ಬರುತ್ತಿತ್ತು. ಆದರೆ ಅದು ತಾನಾಗಿ ಹೋಗುತ್ತದೆ ಎಂದು ತಿಳಿದಿದ್ದರಿಂದ ಅವರು ಅದರ ಹಿಂದೆ ಓಡಲಿಲ್ಲ. ಎಲ್ಲರಿಗೂ ಆರು ವಾರದಲ್ಲಿ ಹೀಗೆ ಆಗುತ್ತದೆ ಎಂದಲ್ಲ. ಪ್ರಯತ್ನಕ್ಕೆ ಅಷ್ಟು ಸಮಯವಾದರೂ ಕೊಡಬೇಕು ಎಂಬುದು ತಾತ್ಪರ್ಯ.

ಇಷ್ಟರಲ್ಲಿ ಸರಿಹೋಗದಿದ್ದರೆ

ಒಂದೂವರೆ ಎರಡು ತಿಂಗಳು ಸರಿಯಾಗಿ ಮಾಡಿದರೂ ಬದಲಾವಣೆ ಇಲ್ಲದಿದ್ದರೆ ಹೊಟ್ಟೆ ಮತ್ತು ಕರುಳಿನ ತಜ್ಞರನ್ನು ಕಾಣಬೇಕು. ಅಲ್ಲಿ ಎರಡು ಸರಳ ಪರೀಕ್ಷೆಗಳಿವೆ. ಒಂದರಲ್ಲಿ ತೆಳುವಾದ ನಳಿಕೆಯಿಂದ ಗುದದ್ವಾರದ ಒತ್ತಡ ಅಳೆಯುತ್ತಾರೆ. ಇನ್ನೊಂದರಲ್ಲಿ ಸುಮಾರು 50 ಮಿಲಿಲೀಟರ್ ನೀರು ತುಂಬಿದ ಸಣ್ಣ ಬಲೂನನ್ನು ಒಳಗಿಟ್ಟು, ಅದನ್ನು ಹೊರಹಾಕಲು ಎಷ್ಟು ಹೊತ್ತು ಬೇಕೆಂದು ನೋಡುತ್ತಾರೆ. ಒಂದೆರಡು ನಿಮಿಷದಲ್ಲಿ ಹೊರಬರದಿದ್ದರೆ ಬಾಗಿಲಿನ ತೊಡಕು ಇದೆಯೆಂದು ತಿಳಿಯುತ್ತದೆ.

ಅಂಥವರಿಗೆ ಬಯೋಫೀಡ್‌ಬ್ಯಾಕ್ ಎಂಬ ತರಬೇತಿ ಇದೆ. ಸ್ನಾಯು ಬಿಗಿಯಾಗುವುದನ್ನೂ ಸಡಿಲವಾಗುವುದನ್ನೂ ಪರದೆಯ ಮೇಲೆ ನೋಡುತ್ತಾ, ತಜ್ಞರ ಮಾರ್ಗದರ್ಶನದಲ್ಲಿ ಸರಿಯಾದ ಕ್ರಮವನ್ನು ಕಲಿಯುವುದು. ತಾಳ ತಪ್ಪಿದ ಸ್ನಾಯುಗಳ ತೊಂದರೆಗೆ ಭೇದಿ ಮಾತ್ರೆಗಿಂತ ಇದು ಹೆಚ್ಚು ಉಪಯೋಗ ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ದೊಡ್ಡ ಆಸ್ಪತ್ರೆಗಳ ಕರುಳಿನ ವಿಭಾಗದಲ್ಲಿ ವಿಚಾರಿಸಬಹುದು. ರೆಕ್ಟೋಸೀಲ್ ಇದೆ ಎಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಗೆ ಓಡಬೇಕಾಗಿಲ್ಲ. ಸಣ್ಣ ಉಬ್ಬು ತೊಂದರೆಯಿಲ್ಲದ ಎಷ್ಟೋ ಹೆಂಗಸರಲ್ಲಿಯೂ ಇರುತ್ತದೆ.

ರೋಗಿಗಳನ್ನು ಭೇಟಿ ಮಾಡುವವರಿಗೆ

ವಾರ್ಡುಗಳಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ಕಂಡು ಬರುವ ಕಾರ್ಯಕರ್ತರು ಒಂದು ಸಂಗತಿಯನ್ನು ಗಮನಿಸಬೇಕು. ನಾಲ್ಕೈದು ದಿನ ಸರಿಯಾಗಿ ಶೌಚವಾಗದಿದ್ದ ಅಜ್ಜಿಗೆ ಅಥವಾ ಅಜ್ಜನಿಗೆ ಇದ್ದಕ್ಕಿದ್ದಂತೆ ಸ್ವಲ್ಪ ಸ್ವಲ್ಪವೇ ನೀರಾಗಿ ಹೋಗಿ ಬಟ್ಟೆ ಒದ್ದೆಯಾಗುತ್ತದೆ. ಮನೆಯವರು ಭೇದಿ ಎಂದು ತಿಳಿದು ಅದನ್ನು ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ಅದು ಭೇದಿ ಆಗಿರದೆ, ಗುದನಾಳದಲ್ಲಿ ಕಲ್ಲಿನಂತೆ ಕಟ್ಟಿಕೊಂಡ ಮಲದ ಸುತ್ತಲಿನಿಂದ ಜಿನುಗುವ ನೀರು ಆಗಿರಬಹುದು. ಅವರು ‘ಒಳಗೆ ಇದೆ, ಬರುವುದಿಲ್ಲ’ ಎಂದು ಹೇಳುತ್ತಿದ್ದರೆ ಆ ಮಾತನ್ನು ನಂಬಬೇಕು. ಊಟ ಬೇಡವೆನ್ನುವುದು, ಹೊಟ್ಟೆ ಉಬ್ಬರ, ಮೂತ್ರ ಕಟ್ಟುವುದು, ಮಾತಿನಲ್ಲಿ ಗೊಂದಲ ಇವೂ ಇದರ ಜೊತೆಗೆ ಬರಬಹುದು. ಭೇದಿ ನಿಲ್ಲಿಸುವ ಮಾತ್ರೆಯನ್ನೂ ಇಸಬ್ಗೋಲನ್ನೂ ಕೊಡದೆ ವೈದ್ಯರನ್ನೋ ದಾದಿಯನ್ನೋ ಕರೆಸಿ. ಬೆರಳಿನ ಪರೀಕ್ಷೆಯಲ್ಲಿ ತಿಳಿಯುತ್ತದೆ. ಎನಿಮಾ ಮತ್ತು ಔಷಧದಿಂದ ಅದನ್ನು ತೆಗೆಯುತ್ತಾರೆ.

ಕೊನೆಗೆ ವೈದ್ಯರ ಬಳಿಗೆ ಹೋಗುವಾಗ ಎರಡು ವಾರದ ಚೀಟಿಯೊಂದನ್ನು ಬರೆದು ತೆಗೆದುಕೊಂಡು ಹೋಗಿ. ದಿನಕ್ಕೆ ಎಷ್ಟು ಸಲ, ಮಲದ ರೂಪ ಏನು, ರಕ್ತ ಅಥವಾ ಲೋಳೆ ಇತ್ತೇ, ಎಷ್ಟು ಹೊತ್ತು ಕುಳಿತಿರಿ, ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದಿದ್ದರೆ ಸಾಕು. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವವರು ಆ ಚೀಟಿಯನ್ನೇ ವೈದ್ಯರ ಕೈಗೆ ಕೊಡಬಹುದು.